ಆಂಪ್ಸ್ ಏರಿದರೂ ಕಷ್ಟ, ಇಳಿದರೂ ಕಷ್ಟ

ಸುಟ್ಟ ಬೋರ್‌ವೆಲ್ ಮೋಟಾರನ್ನು ಮೇಲೆತ್ತಿ ರಿವೈಂಡಿಂಗ್ ಅಂಗಡಿಗೆ ತಂದವರು ಸಾಮಾನ್ಯವಾಗಿ ಒಂದು ಮಾತು ಕೇಳುತ್ತಾರೆ: ‘ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಇತ್ತಲ್ಲ, ಅದ್ಯಾಕೆ ಟ್ರಿಪ್ ಆಗಲಿಲ್ಲ?’ ರಿಲೇ ಕೆಟ್ಟಿರಬೇಕು ಎಂದು ಹೊಸದು ಹಾಕಿಸುತ್ತಾರೆ. ಮರು ಬೇಸಿಗೆಯಲ್ಲಿ ಮೋಟಾರು ಮತ್ತೆ ಮೇಲೆ ಬರುತ್ತದೆ. ಬಹಳಷ್ಟು ಸಲ ರಿಲೇ ಸರಿಯಾಗಿಯೇ ಇರುತ್ತದೆ. ಅದು ಕಾಯುವುದು ಆಂಪ್ಸ್ ಏರುವುದನ್ನು. ಬೋರ್‌ನಲ್ಲಿ ನೀರು ಮುಗಿದಾಗ ಆಂಪ್ಸ್ ಏರುವುದಿಲ್ಲ, ಇಳಿಯುತ್ತದೆ.

ಪಂಪಿಗೆ ಭಾರವಾಗಿರುವುದು ನೀರು. ಅದನ್ನು ನೂರಾರು ಅಡಿ ಮೇಲೆ ತಳ್ಳುವಾಗ ಮೋಟಾರು ಕರೆಂಟ್ ಎಳೆಯುತ್ತದೆ. ನೀರೇ ಇಲ್ಲವೆಂದರೆ ಇಂಪೆಲ್ಲರ್‌ಗಳು ಸುಮ್ಮನೆ ತಿರುಗುತ್ತವೆ, ಭಾರ ಕಡಿಮೆಯಾಗುತ್ತದೆ. ಓವರ್‌ಲೋಡ್ ರಿಲೇಯ ಲೆಕ್ಕದಲ್ಲಿ ಆಗ ಎಲ್ಲವೂ ಆರಾಮ. ಕೆಳಗಿನ ಸ್ಥಿತಿಯೇ ಬೇರೆ. ಸಬ್‌ಮರ್ಸಿಬಲ್‌ನಲ್ಲಿ ಪಂಪು ಮೇಲೆ, ಮೋಟಾರು ಕೆಳಗೆ, ನೀರು ಒಳಹೋಗುವ ಜಾಲರಿ ನಡುವೆ. ನೀರಿನ ಮಟ್ಟ ಜಾಲರಿಗೆ ಇಳಿದಾಗಲೂ ಮೋಟಾರು ಮುಳುಗಿಯೇ ಇರುತ್ತದೆ, ಆದರೆ ನಿಂತ ನೀರಿನಲ್ಲಿ. ಅದರ ಮೈ ತಂಪಾಗುತ್ತಿದ್ದುದು ಸುತ್ತ ಹರಿದು ಮೇಲೇರುತ್ತಿದ್ದ ನೀರಿನಿಂದ. ಹರಿವು ನಿಂತರೆ ಸುತ್ತಲಿನ ನೀರೇ ಕಾಯುತ್ತದೆ, ವೈಂಡಿಂಗ್‌ನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತದೆ. ಪಂಪಿನ ಬುಷ್‌ಗಳಿಗೆ ನೀರೇ ಎಣ್ಣೆಯಿದ್ದಂತೆ, ಅವು ಒಣಗಿ ಸವೆಯುತ್ತವೆ. ಕೊನೆಗೆ ಶಾಫ್ಟ್ ಹಿಡಿದುಕೊಂಡಾಗಲೋ ವೈಂಡಿಂಗ್ ಶಾರ್ಟ್ ಆದಾಗಲೋ ಆಂಪ್ಸ್ ಜಿಗಿದು ರಿಲೇ ಬೀಳುತ್ತದೆ. ಅಷ್ಟರಲ್ಲಿ ಕಾಪಾಡಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಸ್ಟಾರ್ಟರ್‌ಗೆ ಎರಡು ಕಾವಲು ಬೇಕು. ಆಂಪ್ಸ್ ಮೇಲಿನ ಗೆರೆ ದಾಟಿದರೆ ನಿಲ್ಲಿಸಲು ಓವರ್‌ಲೋಡ್ ರಿಲೇ, ಕೆಳಗಿನ ಗೆರೆಗಿಂತ ಇಳಿದರೆ ನಿಲ್ಲಿಸಲು ಡ್ರೈ ರನ್ ಗಾರ್ಡ್. ತುಮಕೂರು ಕಡೆಯ ಅಡಿಕೆ ತೋಟದ ಒಂದು ಬೋರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ: 7.5 ಎಚ್‌ಪಿ ತ್ರೀಫೇಸ್ ಮೋಟಾರು, ಮೂರು ಎಳೆಯ ಕೇಬಲ್, ಡಿಒಎಲ್ ಸ್ಟಾರ್ಟರ್. ಮೋಟಾರಿನ ನೇಮ್ ಪ್ಲೇಟ್‌ನಲ್ಲಿ 13 ಆಂಪ್ಸ್ ಎಂದಿದೆ. ಬೇಸಿಗೆಯಲ್ಲಿ ಈ ಬೋರ್ ಸುಮಾರು 40 ನಿಮಿಷ ನೀರು ಕೊಟ್ಟು ಗ್ಯಾಪ್ ಕೊಡುತ್ತದೆ.

ವೈರಿನ ದಾರಿ

ಸ್ಟಾರ್ಟರ್‌ನೊಳಗೆ ಎರಡು ದಾರಿಗಳಿವೆ. ದಪ್ಪ ವೈರಿನದು ಮೋಟಾರಿನ ದಾರಿ. ಮೈನ್ ಸ್ವಿಚ್ಚಿನಿಂದ ಬಂದ ಮೂರು ಫೇಸ್ ಕಾಂಟ್ಯಾಕ್ಟರ್ ಹೊಕ್ಕು, ಅಲ್ಲಿಂದ ಓವರ್‌ಲೋಡ್ ರಿಲೇ ಮೂಲಕ ಹಾದು ಬೋರ್ ಕೇಬಲ್‌ಗೆ ಹೋಗುತ್ತವೆ. ಈ ಮೂರರಲ್ಲಿ ಒಂದು ವೈರನ್ನು ಡ್ರೈ ರನ್ ಗಾರ್ಡ್‌ನ ಸಿಟಿ ಬಳೆಯೊಳಗೆ ತೂರಿಸಬೇಕು. ಗಾರ್ಡ್ ಆಂಪ್ಸ್ ಓದುವುದು ಆ ಬಳೆಯಿಂದ.

ಸಣ್ಣ ವೈರಿನದು ಕಾಯಿಲ್‌ನ ದಾರಿ. ನಮ್ಮ ತೋಟಗಳ ಸ್ಟಾರ್ಟರ್‌ಗಳಲ್ಲಿ ಕಾಯಿಲ್ ಸಾಮಾನ್ಯವಾಗಿ 415 ವೋಲ್ಟಿನದು, ಎರಡು ಫೇಸ್‌ಗಳ ನಡುವೆ ಕೂರುತ್ತದೆ. ಒಂದು ಫೇಸಿನಿಂದ ಹೊರಟ ವೈರು ಮೊದಲು ಕೆಂಪು ಸ್ಟಾಪ್ ಬಟನ್, ಆಮೇಲೆ ಓವರ್‌ಲೋಡ್ ರಿಲೇಯ 95–96 ತುದಿಗಳು, ಆಮೇಲೆ ಡ್ರೈ ರನ್ ಗಾರ್ಡ್‌ನ ಕಾಂಟ್ಯಾಕ್ಟ್, ಕೊನೆಗೆ ಹಸಿರು ಸ್ಟಾರ್ಟ್ ಬಟನ್ ದಾಟಿ ಕಾಯಿಲ್‌ನ A1 ಸೇರುತ್ತದೆ. A2 ಇನ್ನೊಂದು ಫೇಸಿಗೆ. ಮೊದಲ ಮೂರು ಎಡೆಗಳಲ್ಲಿ ಎಲ್ಲಿ ದಾರಿ ಕಡಿದರೂ ಕಾಯಿಲ್ ಬಿಡುತ್ತದೆ, ಮೋಟಾರು ನಿಲ್ಲುತ್ತದೆ. ಗಾರ್ಡ್‌ನಲ್ಲಿ ಎಲ್ಲ ಸರಿಯಿದ್ದಾಗ ಮಾತ್ರ ಕೂಡುವ ಜೋಡಿಯನ್ನೇ ಆರಿಸಿಕೊಳ್ಳಬೇಕು. ಆಗ ಗಾರ್ಡ್ ತಾನೇ ಕೆಟ್ಟರೂ ಮೋಟಾರು ಓಡುವುದಿಲ್ಲ.

ಬಟನ್‌ನಿಂದ ಬೆರಳು ತೆಗೆದ ಮೇಲೂ ಕಾಯಿಲ್ ಹಿಡಿದಿರಲು ಕಾಂಟ್ಯಾಕ್ಟರ್‌ನದೇ 13–14 ಎಂಬ ಸಣ್ಣ ಕಾಂಟ್ಯಾಕ್ಟ್ ಇದೆ. ತಪ್ಪು ಹೆಚ್ಚಾಗಿ ಆಗುವುದು ಇಲ್ಲಿಯೇ. ಇದನ್ನು ಹಸಿರು ಬಟನ್‌ನ ಎರಡು ತುದಿಗೆ ಮಾತ್ರ ಕಟ್ಟಬೇಕು. ಯಾರಾದರೂ ಅದರ ಒಂದು ವೈರನ್ನು ಗಾರ್ಡ್‌ಗಿಂತ ಮೊದಲೇ ಎತ್ತಿಕೊಂಡರೆ, ಮೋಟಾರು ಒಮ್ಮೆ ಶುರುವಾದ ಮೇಲೆ ಕಾಯಿಲ್‌ಗೆ ಗಾರ್ಡ್‌ನ ಹಂಗೇ ಇಲ್ಲದ ಅಡ್ಡದಾರಿ ಸಿಕ್ಕಂತಾಗುತ್ತದೆ. ಗಾರ್ಡ್‌ನ ಲೈಟು ಉರಿದು ‘ಡ್ರೈ’ ಎಂದು ತೋರಿಸುತ್ತಿರುತ್ತದೆ, ಮೋಟಾರು ಓಡುತ್ತಲೇ ಇರುತ್ತದೆ.

ವೈರಿಂಗ್ ಸರಿಯಿದೆಯೇ ಎಂದು ನೋಡಲು ಬೋರ್ ಒಣಗುವವರೆಗೆ ಕಾಯಬೇಕಿಲ್ಲ. ಮೈನ್ ತೆಗೆದು, ಕರೆಂಟ್ ಇಲ್ಲವೆಂದು ಟೆಸ್ಟರ್‌ನಿಂದ ಖಾತ್ರಿ ಮಾಡಿಕೊಂಡು, ಮೋಟಾರಿಗೆ ಹೋಗುವ ಮೂರು ವೈರುಗಳನ್ನು ಸ್ಟಾರ್ಟರ್‌ನಲ್ಲೇ ಬಿಚ್ಚಿ, ತುದಿಗಳಿಗೆ ಟೇಪು ಸುತ್ತಬೇಕು. ಮತ್ತೆ ಮೈನ್ ಹಾಕಿ ಹಸಿರು ಬಟನ್ ಒತ್ತಿದರೆ ಕಾಂಟ್ಯಾಕ್ಟರ್ ಟಪ್ಪೆಂದು ಕೂರುತ್ತದೆ. ಮೋಟಾರೇ ಇಲ್ಲದ್ದರಿಂದ ಗಾರ್ಡ್‌ಗೆ ಕಾಣುವುದು ಸೊನ್ನೆ ಆಂಪ್ಸ್. ಅದು ತನಗೆ ಕೊಟ್ಟ ಸಮಯ ಎಣಿಸಿ ಕಾಂಟ್ಯಾಕ್ಟರನ್ನು ಬೀಳಿಸಬೇಕು. ಬೀಳಲಿಲ್ಲವೆಂದರೆ 13–14ರ ವೈರು ತಪ್ಪಾಗಿದೆ, ಇಲ್ಲವೇ ಗಾರ್ಡ್‌ನ ಬೇರೆ ಜೋಡಿ ಬಳಸಿದ್ದಾರೆ. ಇನ್ನೊಮ್ಮೆ ಶುರು ಮಾಡಿ, ಗಾರ್ಡ್ ಬೀಳುವ ಮೊದಲೇ ಓವರ್‌ಲೋಡ್ ರಿಲೇಯ ಟೆಸ್ಟ್ ಗುಂಡಿ ಒತ್ತಿದರೆ ಆಗಲೂ ಬೀಳಬೇಕು. ಈ ಕೆಲಸವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು. ಪೆಟ್ಟಿಗೆಗೆ ಅರ್ತಿಂಗ್ ಇಲ್ಲದೆ ಮೈನ್ ಹಾಕಲೇಬಾರದು. ತೋಟದ ಯಜಮಾನರು ಪಕ್ಕದಲ್ಲಿ ನಿಂತು ಈ ಎರಡು ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳಬಹುದು.

ಮೇಲಿನ ಗೆರೆ

ಈಗ ಮೋಟಾರು ಜೋಡಿಸಿ ಓಡಿಸೋಣ. ವೋಲ್ಟೇಜ್ 415ರ ಆಸುಪಾಸಿನಲ್ಲಿದ್ದು ನೀರು ಪೂರಾ ಬರುತ್ತಿರುವಾಗ ಕ್ಲ್ಯಾಂಪ್ ಮೀಟರ್ 11.5 ಆಂಪ್ಸ್ ತೋರಿಸಿತು ಎನ್ನೋಣ. ಓವರ್‌ಲೋಡ್ ರಿಲೇಯ ತಿರುಗಣೆ ಓಡುವ ಆಂಪ್ಸ್‌ಗಿಂತ ತುಸು ಮೇಲೆ, ನೇಮ್ ಪ್ಲೇಟ್‌ನ ಅಂಕಿ ಮೀರದಂತೆ ಇರಬೇಕು. ಇಲ್ಲಿ 12.5 ಸರಿಯಾಗುತ್ತದೆ. ರಿಲೇ ‘ಕ್ಲಾಸ್ 10’ ಎಂಬ ಬೇಗ ಬೀಳುವ ಜಾತಿಯದಾಗಿರಬೇಕು. ಸಬ್‌ಮರ್ಸಿಬಲ್ ಮೋಟಾರಿನ ಮೈ ಕಿರಿದು. ಮರಳು ಸಿಕ್ಕಿ ತಿರುಗದೆ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಕಾದುಹೋಗುತ್ತದೆ.

ಸಂಜೆ ಎಲ್ಲರ ಮೋಟಾರು ಒಟ್ಟಿಗೆ ಓಡುವಾಗ ವೋಲ್ಟೇಜ್ 350ಕ್ಕೆ ಕುಸಿಯುತ್ತದೆ. ಅದೇ ನೀರೆತ್ತಲು ಮೋಟಾರು ಹೆಚ್ಚು ಆಂಪ್ಸ್ ಎಳೆದು ರಿಲೇ ಬೀಳುತ್ತದೆ. ‘ರಿಲೇ ಸೂಕ್ಷ್ಮ ಜಾಸ್ತಿ’ ಎಂದು ತಿರುಗಣೆಯನ್ನು 16ಕ್ಕೆ ತಿರುಗಿಸುವುದು ವಾಡಿಕೆ. ಅಲ್ಲಿಗೆ ಕಾವಲು ಮುಗಿದಂತೆ. ಟಿಸಿಯಲ್ಲಿ ಒಂದು ಫೇಸಿನ ಫ್ಯೂಸ್ ಹೋದರೆ ಉಳಿದೆರಡು ಫೇಸ್‌ಗಳ ಮೇಲೆ 20 ಆಂಪ್ಸ್‌ನಷ್ಟು ಭಾರ ಬೀಳಬಹುದು. 12.5ರಲ್ಲಿದ್ದ ರಿಲೇ ಅದನ್ನು ಬೇಗ ಹಿಡಿಯುತ್ತಿತ್ತು, 16ರಲ್ಲಿದ್ದದ್ದು ಬಹಳ ಹೊತ್ತು ಸುಮ್ಮನಿರುತ್ತದೆ. ವೋಲ್ಟೇಜ್ ಕಡಿಮೆಯಿದ್ದಾಗ ಮೋಟಾರು ನಿಲ್ಲುವುದೇ ಸರಿ.

ಕೆಳಗಿನ ಗೆರೆ

ಡ್ರೈ ರನ್ ಗಾರ್ಡ್‌ಗೆ ಅಂಕಿ ಕೊಡುವುದು ಹೀಗೆ. ನೀರು ಪೂರಾ ಬರುವಾಗ 11.5 ಇತ್ತು. ಗೇಟ್‌ವಾಲ್ವನ್ನು ಕೆಲವು ಸೆಕೆಂಡು ಪೂರ್ತಿ ಮುಚ್ಚಿ ನೋಡಿದರೆ 8ಕ್ಕೆ ಇಳಿಯಿತು. ನೀರು ಮುಗಿದಾಗಲೂ ಹೆಚ್ಚುಕಡಿಮೆ ಆ ಮಟ್ಟಕ್ಕೇ ಬರುತ್ತದೆ. ಇವೆರಡರ ನಡುವೆ, ಓಡುವ ಆಂಪ್ಸ್‌ನ ಶೇಕಡಾ 80ರ ಹತ್ತಿರ, ಅಂದರೆ 9.2ಕ್ಕೆ ಇಡಬೇಕು. ಗಾಳಿ ಬೆರೆತ ನೀರು ಬಂದಾಗ ಮುಳ್ಳು ಮೇಲೆ ಕೆಳಗೆ ಕುಣಿಯುತ್ತದೆ. ಅದಕ್ಕೆಲ್ಲ ಬೀಳದಂತೆ ಏಳೆಂಟು ಸೆಕೆಂಡು ತಾಳ್ಮೆ ಕೊಡಬೇಕು.

ಬಿದ್ದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಹೇಳಬೇಕಾದದ್ದು ಬೋರ್. 20 ನಿಮಿಷ ಬಿಟ್ಟು ಹಾಕಿದರೆ ಐದು ನಿಮಿಷ ನೀರು ಬಂದು ನಿಲ್ಲುತ್ತದೆ, ಒಂದು ಗಂಟೆ ಬಿಟ್ಟರೆ ಮತ್ತೆ 40 ನಿಮಿಷ ಬರುತ್ತದೆ ಎಂದಾದರೆ ಒಂದು ಗಂಟೆಯೇ ಸರಿ. ಪ್ರತಿ ಸಲ ಶುರುವಾಗುವಾಗ ಮೋಟಾರು ಐದಾರು ಪಟ್ಟು ಆಂಪ್ಸ್ ಎಳೆಯುವುದರಿಂದ ಪದೇ ಪದೇ ಶುರುವಾಗುವುದೇ ಒಂದು ಹೊಡೆತ. ತ್ರೀಫೇಸ್ 7 ಗಂಟೆ ಸಿಕ್ಕ ದಿನ ಈ ಲೆಕ್ಕದಲ್ಲಿ ಮೋಟಾರು ಐದು ಸಲ ಶುರುವಾಗಿ ಒಟ್ಟು ಮೂರು ಗಂಟೆ ನೀರು ಕೊಡುತ್ತದೆ.

ಆಂಪ್ಸ್ ನೋಡುವ ಗಾರ್ಡ್‌ಗೆ ಒಂದು ಕುರುಡು ಜಾಗವಿದೆ. ಸಬ್‌ಮರ್ಸಿಬಲ್ ಮೋಟಾರು ಭಾರವಿಲ್ಲದೆಯೂ ಸಾಕಷ್ಟು ಆಂಪ್ಸ್ ಎಳೆಯುತ್ತದೆ, ವೋಲ್ಟೇಜ್ ಏರಿದಷ್ಟೂ ಅದು ಹೆಚ್ಚುತ್ತದೆ. ನಡುರಾತ್ರಿ ವೋಲ್ಟೇಜ್ 440 ದಾಟಿದಾಗ ಒಣ ಓಟದ 8 ಆಂಪ್ಸ್ 9.2ನ್ನೂ ಮೀರಬಹುದು. ಆಗ ಗಾರ್ಡ್‌ಗೆ ನೀರು ಬರುತ್ತಿರುವಂತೆಯೇ ಕಾಣುತ್ತದೆ. ಹಗಲು ಚೆನ್ನಾಗಿ ಕೆಲಸ ಮಾಡುವ ಗಾರ್ಡ್ ರಾತ್ರಿ ಪಾಳಿಯಲ್ಲಿ ಕೈಕೊಡುವುದು ಹೀಗೆ. ಒಂದು ರಾತ್ರಿಯಾದರೂ ಎದ್ದು ಹೋಗಿ ಆ ಹೊತ್ತಿನ ಆಂಪ್ಸ್ ನೋಡಿ ಅಂಕಿಯನ್ನು ತುಸು ಮೇಲೆತ್ತಬೇಕು.

ಬೋರ್ ಗ್ಯಾಪ್ ಕೊಡದಂತೆ ಗೇಟ್‌ವಾಲ್ವನ್ನು ಅರೆಬರೆ ಮುಚ್ಚಿ ನೀರು ತಗ್ಗಿಸಿ ಓಡಿಸುವವರಿದ್ದಾರೆ. ಉಪಾಯ ಒಳ್ಳೆಯದೇ. ಆದರೆ ಹಾಗೆ ಮಾಡಿದರೆ ಓಡುವ ಆಂಪ್ಸ್ ಕೂಡ ಇಳಿದು 9.5ಕ್ಕೆ ಬಂತು ಎನ್ನೋಣ. ಒಣ ಓಟದ 8ಕ್ಕೂ ಇದಕ್ಕೂ ಒಂದೂವರೆ ಆಂಪ್ಸ್ ಅಂತರವಷ್ಟೇ ಉಳಿಯಿತು. ವೋಲ್ಟೇಜ್‌ನ ಏರಿಳಿತವೇ ಅಷ್ಟನ್ನು ನುಂಗಿಹಾಕುತ್ತದೆ. ಇಂಥ ಬೋರ್‌ಗೆ ಆಂಪ್ಸ್ ನಂಬದೆ ನೀರನ್ನೇ ಮುಟ್ಟಿ ನೋಡುವ ಗಾರ್ಡ್ ಹಾಕಬೇಕು. ಪಂಪಿನ ಜಾಲರಿಗಿಂತ ಸ್ವಲ್ಪ ಮೇಲೆ ಪೈಪಿಗೆ ಸೆನ್ಸರ್ ಕಟ್ಟಿ ಅದರ ವೈರನ್ನು ಮೇಲೆ ತರುತ್ತಾರೆ. ನೀರು ಸೆನ್ಸರ್ ಬಿಟ್ಟು ಇಳಿದೊಡನೆ ಮೋಟಾರು ನಿಲ್ಲುತ್ತದೆ. ಅದರ ಕಾಂಟ್ಯಾಕ್ಟ್ ಕೂರುವುದೂ ಕಾಯಿಲ್ ದಾರಿಯ ಅದೇ ಎಡೆಯಲ್ಲಿ. ಪಂಪು ಮೇಲೆತ್ತದೆ ಇದನ್ನು ಕಟ್ಟಲಾಗದು. ಹಾಗಾಗಿ ಮೋಟಾರು ರಿಪೇರಿಗೆಂದು ಮೇಲೆ ಬಂದಾಗಲೇ ಕಟ್ಟಿಸಿಕೊಂಡರೆ ಎತ್ತುವ ಕೂಲಿ ಎರಡು ಸಲ ಬೀಳುವುದಿಲ್ಲ.