ಕ್ರಿಮಿನಲ್ ಕೇಸ್ ಬಿದ್ದುಹೋದರೂ ಕೆಲಸ ಹೋಗಬಹುದೇ?

ರಾಯಚೂರಿನಿಂದ ದೇವದುರ್ಗಕ್ಕೆ ಹೊರಟ ಬಸ್ ಎಂದುಕೊಳ್ಳಿ. ದಾರಿಯಲ್ಲಿ ತಪಾಸಣೆ. ಕೆಲವರು ದುಡ್ಡು ಕೊಟ್ಟಿದ್ದಾರೆ, ಟಿಕೆಟ್ ಸಿಕ್ಕಿಲ್ಲ. ಆದರೆ ಹೇಳಿಕೆ ಬರೆದುಕೊಡಲು ಯಾರೂ ಒಪ್ಪುವುದಿಲ್ಲ. ಕಂಡಕ್ಟರ್ ಮೇಲಿನ ಆರೋಪ ನಿಲ್ಲುತ್ತದೆಯೇ?

ಹರಿಯಾಣದಲ್ಲಿ ಇಂಥದ್ದೇ ನಡೆದಿತ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟಿನ ನಿಯಮಗಳು ಅನ್ವಯಿಸುವುದಿಲ್ಲ, ಪ್ರಯಾಣಿಕರನ್ನು ಕರೆಸಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಬಿದ್ದುಹೋಗದು. ಆದರೆ ನಂಬಲರ್ಹವಾದ ಸಾಕ್ಷ್ಯ ಇರಲೇಬೇಕು.

ಕ್ರಿಮಿನಲ್ ಕೋರ್ಟಿನಲ್ಲಿ ಆರೋಪ ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಇಲಾಖೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಆರೋಪ ನಿಜವೋ ಸುಳ್ಳೋ, ಎರಡರಲ್ಲಿ ಯಾವುದು ಹೆಚ್ಚು ಸಂಭವನೀಯ?

ಉದಾಹರಣೆಗೆ, ಮಾನ್ವಿಯ ಕಂಡಕ್ಟರೊಬ್ಬರ ವಿಚಾರಣೆಯ ವರದಿ ಹೇಗಿರಬೇಕು? ‘ಆರೋಪ ಸಾಬೀತಾಗಿದೆ’ ಎಂಬ ಒಂದು ಸಾಲು ಸಾಲದು. ತಪಾಸಕರು ಕಂಡದ್ದೇನು, ಪಾಟೀಸವಾಲಿನಲ್ಲಿ ಆ ಮಾತು ನಿಂತಿತೇ, ಟಿಕೆಟ್ ಲೆಕ್ಕಕ್ಕೂ ಚೀಲದ ಹಣಕ್ಕೂ ತಾಳೆಯಾಯಿತೇ, ‘ರಶ್ ಇತ್ತು, ಟಿಕೆಟ್ ಕೊಡುತ್ತಲೇ ಇದ್ದೆ’ ಎಂಬ ಉತ್ತರವನ್ನು ಏಕೆ ಒಪ್ಪಲಿಲ್ಲ, ಇಷ್ಟನ್ನೂ ಬರೆಯಬೇಕು. ಅನುಮಾನ ಎಷ್ಟೇ ಬಲವಾಗಿದ್ದರೂ ಪುರಾವೆಯಾಗದು.

ಕ್ರಿಮಿನಲ್ ಕೋರ್ಟಿನಲ್ಲಿ ಖುಲಾಸೆಯಾದರೆ?

ಸಾಮಾನ್ಯವಾಗಿ ಇಲಾಖಾ ಶಿಕ್ಷೆ ತಾನಾಗಿ ರದ್ದಾಗುವುದಿಲ್ಲ. ಆದರೆ ಕೋಲಾರದ ಭಾರತ್ ಗೋಲ್ಡ್ ಮೈನ್ಸ್ ಭದ್ರತಾ ಅಧಿಕಾರಿಯ ಪ್ರಕರಣ ನೋಡಿ. 1985ರಲ್ಲಿ ಅವರ ಮನೆಯ ಮೇಲೆ ಪೊಲೀಸ್ ದಾಳಿ, ಚಿನ್ನ ಸಿಕ್ಕಿತೆಂಬ ಆರೋಪ. ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ ವಜಾ ಮಾಡಲಾಯಿತು. ಅದೇ ದಾಳಿ, ಅದೇ ಸಾಕ್ಷಿಗಳನ್ನು ಕ್ರಿಮಿನಲ್ ಕೋರ್ಟ್ ನಂಬಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿತು.