ಹೊಸ್ತಿಲ ಮೇಲಿನ ಒಂದಡಿ ನೀರು

ವಿತರಣಾ ನಾಲೆಯ ಏರಿಯ ಮೇಲೆ ನಿಂತ ನೀರುಗಂಟಿ ಗೇಜ್ ಪಟ್ಟಿಯತ್ತ ಬಗ್ಗಿ ನೋಡಿ, “ಒಂದಡಿ ಐತೆ, ಹನ್ನೆರಡು ಕ್ಯೂಸೆಕ್” ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನೀರಿನ ವೇಗವನ್ನು ಅವನು ಅಳೆದಿಲ್ಲ. ಬರೀ ಎತ್ತರ ನೋಡಿ, ಸೆಕೆಂಡಿಗೆ ಇಷ್ಟು ಘನ ಅಡಿ ನೀರು ಹೋಗುತ್ತಿದೆ ಎಂದು ಹೇಳಿಬಿಟ್ಟ.

ಮಾಮೂಲಿ ಮಣ್ಣಿನ ನಾಲೆಯಲ್ಲಿ ಹೀಗೆ ಹೇಳಲಾಗದು. ಅಲ್ಲಿರುವ ಎರಡಡಿ ನೀರು ರಭಸವಾಗಿ ಓಡುತ್ತಿರಬಹುದು, ಇಲ್ಲವೇ ಕೆಳಗೆ ಯಾರೋ ಅಡ್ಡ ಹಾಕಿದ್ದರಿಂದ ತೆವಳುತ್ತಿರಬಹುದು. ಆದರೆ ಈ ಗೇಜ್ ಇರುವುದು ಒಂದು ಫ್ಲೂಮಿನ ಮೇಲ್ಗಡೆ. ಅಲ್ಲಿ ನಾಲೆಯ ಎರಡೂ ಗೋಡೆಗಳು ಹತ್ತಿರ ಸರಿಯುತ್ತವೆ, ತಳ ಮೇಲೆದ್ದು ಹೊಸ್ತಿಲಾಗುತ್ತದೆ. ಹೊಸ್ತಿಲು ದಾಟಿದ ನೀರು ಇಳಿಜಾರಿನಲ್ಲಿ ಜಾರಿ, ಬುಡದಲ್ಲಿ ಬಿಳಿ ನೊರೆಯೆಬ್ಬಿಸಿ, ಮತ್ತೆ ಶಾಂತವಾಗುತ್ತದೆ. ಆ ನೊರೆಯಲೆ ನಿಂತಲ್ಲೇ ನಿಂತಿರುವುದರಿಂದ ಇದಕ್ಕೆ ಸ್ಟ್ಯಾಂಡಿಂಗ್ ವೇವ್ ಫ್ಲೂಮ್ ಎಂದು ಹೆಸರು. 1920ರ ದಶಕದಲ್ಲಿ ಮುಂಬಯಿ ಪ್ರಾಂತದ ನೀರಾವರಿಯಲ್ಲಿದ್ದ ಸಿ.ಸಿ. ಇಂಗ್ಲಿಸ್ ಇದರ ಮೇಲೆ ಸಾಕಷ್ಟು ಕೆಲಸ ಮಾಡಿದರು.

ಕಿರಿದಾದ ಆ ಕಂಠದಲ್ಲಿ ನಡೆಯುವುದನ್ನು ಕಣ್ಣಾರೆ ನೋಡಬಹುದು. ನಿಧಾನವಾಗಿ ಹರಿಯುವ ನಾಲೆಗೆ ಕಲ್ಲೆಸೆದರೆ ಅಲೆಯ ಬಳೆ ಸುತ್ತಲೂ ಹರಡಿ, ಒಂದಂಚು ಹರಿವಿಗೆ ಎದುರಾಗಿಯೂ ಏರುತ್ತದೆ. ಹೊಸ್ತಿಲಿನ ಮೇಲೆ ಎಸೆದರೆ ಏರುವುದಿಲ್ಲ. ಅಲೆ ಎಷ್ಟು ಬೇಗ ಮೇಲಕ್ಕೆ ಹತ್ತಲು ನೋಡುತ್ತದೋ ಅಷ್ಟೇ ಬೇಗ ನೀರು ಅದನ್ನು ಕೆಳಕ್ಕೆ ಒಯ್ಯುತ್ತದೆ. ಆ ಸಮತೋಲದ ಆಳವೇ ಕ್ರಿಟಿಕಲ್ ಡೆಪ್ತ್. ಕೆಳಗಿನ ನಾಲೆಯಲ್ಲಿ ಏನಾಗುತ್ತಿದೆ ಎಂಬ ಸುದ್ದಿ ಈ ಬಾಗಿಲು ದಾಟಿ ಮೇಲೆ ಬರಲಾರದು. ಹಾಗಾಗಿ ಮೇಲಿನ ನೀರಿನ ಎತ್ತರವನ್ನು ನಿರ್ಧರಿಸುವುದು ಬಂದ ನೀರಿನ ಪ್ರಮಾಣ ಮತ್ತು ಕಂಠದ ಅಳತೆ, ಇವೆರಡೇ.

ಲೆಕ್ಕವೂ ಸರಳ. ನೇರ ಗೋಡೆಯ ಕಂಠದಲ್ಲಿ ಕ್ರಿಟಿಕಲ್ ಆಳ ಮೇಲಿನ ಎತ್ತರದ ಮೂರರಲ್ಲಿ ಎರಡು ಪಾಲು. ಕಂಠದ ಅಗಲ 4 ಅಡಿ, ಹೊಸ್ತಿಲಿನಿಂದ ಅಳೆದ ಎತ್ತರ 1 ಅಡಿ ಇದ್ದರೆ ಕಂಠದಲ್ಲಿ ನೀರು 8 ಅಂಗುಲ. ಅಷ್ಟು ಆಳದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4.6 ಅಡಿ, ನೀರಿನ ವೇಗವೂ ಅದೇ. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ 12.3 ಕ್ಯೂಸೆಕ್, ಗೋಡೆಯ ಘರ್ಷಣೆಗೆ ಸ್ವಲ್ಪ ಕಳೆದರೆ 12. ಎತ್ತರ 1.44 ಅಡಿಯಾದರೆ 21 ಕ್ಯೂಸೆಕ್ ಆಗುತ್ತದೆ. ಎತ್ತರ ಒಂದೂವರೆ ಪಟ್ಟನ್ನೂ ಮುಟ್ಟಿಲ್ಲ, ನೀರು ಮುಕ್ಕಾಲು ಪಟ್ಟು ಹೆಚ್ಚಿತು. ಹರಿದು ಬರುವ ನೀರಿನ ವೇಗಕ್ಕಾಗಿ ಎತ್ತರಕ್ಕೆ ಸಣ್ಣದೊಂದು ತಿದ್ದುಪಡಿ ಸೇರಿಸುವುದುಂಟು; ನಾಲೆ ಅಗಲವಾಗಿ ನಿಧಾನವಾಗಿದ್ದರೆ ಅದು ಅತ್ಯಲ್ಪ.

ಗೇಜಿನ ಸೊನ್ನೆ ಹೊಸ್ತಿಲಿನ ಮಟ್ಟಕ್ಕೇ ಇರಬೇಕು, ನಾಲೆಯ ತಳಕ್ಕಲ್ಲ. ಪಟ್ಟಿಯನ್ನು ಮತ್ತೆ ಬಣ್ಣ ಬಳಿದು ಕೂರಿಸುವಾಗ ಅರ್ಧ ಅಂಗುಲ ಜಾರಿದರೂ, ಒಂದಡಿ ನೀರಿನಲ್ಲಿ ನೂರಕ್ಕೆ ಆರು ತಪ್ಪು. ನಾಲ್ಕೇ ಅಂಗುಲ ನೀರಿದ್ದಾಗ ನೂರಕ್ಕೆ ಹೆಚ್ಚುಕಡಿಮೆ ಇಪ್ಪತ್ತು. ಪಟ್ಟಿಯ ಜಾಗವೂ ಮುಖ್ಯ. ಕಂಠದತ್ತ ನೀರಿನ ಮೈ ತಗ್ಗಲು ಶುರುವಾಗುವ ಮೊದಲೇ ಅದಿರಬೇಕು.

ಇವಕ್ಕಿಂತ ದೊಡ್ಡ ತೊಂದರೆ ಕೆಳಗಿನಿಂದ ಬರುತ್ತದೆ. ಎರಡೂ ಕಡೆಯ ಎತ್ತರವನ್ನು ಹೊಸ್ತಿಲಿನಿಂದಲೇ ಅಳೆದಾಗ, ಕೆಳಗಿನದು ಮೇಲಿನದರ ಸುಮಾರು ನೂರಕ್ಕೆ ಎಂಬತ್ತನ್ನು ಮೀರಿದರೆ ಫ್ಲೂಮ್ ಮುಳುಗಿತು ಎಂದು ಅರ್ಥ. ಇಳಿಜಾರಿನ ವಿನ್ಯಾಸಕ್ಕೆ ತಕ್ಕಂತೆ ಈ ಮಿತಿ ಹಿಂದೆಮುಂದೆ ಆಗುತ್ತದೆ. ಆಗ ಬಾಗಿಲು ತೆರೆದಂತೆ. ಕೆಳಗಿನ ಸುದ್ದಿ ಮೇಲೆ ಬರುತ್ತದೆ, ಗೇಜ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ನಾನು ಕೆಲಸ ಮಾಡುತ್ತಿದ್ದ ಒಂದು ವಿತರಣಾ ನಾಲೆಯಲ್ಲಿ ಹೀಗೇ ಆಯಿತು. ಗೇಜ್ 1.2 ಅಡಿ ತೋರಿಸುತ್ತಿತ್ತು, ಪುಸ್ತಕದಲ್ಲಿ 16 ಕ್ಯೂಸೆಕ್. ಕೊನೆಭಾಗದ ರೈತರು ಗದ್ದೆಗೆ ನೀರು ಮುಟ್ಟುತ್ತಿಲ್ಲ ಎಂದು ವಾರವಿಡೀ ಕಚೇರಿಗೆ ಬಂದರು. ಪುಸ್ತಕ ತೋರಿಸಿ ಅವರನ್ನೇ ಸುಳ್ಳು ಮಾಡಿ ಕಳಿಸಿದ್ದರು. ಹಿರಿಯ ರೈತರೊಬ್ಬರು ನನ್ನ ಕೈಹಿಡಿದು ಫ್ಲೂಮಿನ ಹತ್ತಿರ ಕರೆದೊಯ್ದು, “ನೊರೆ ಎಲ್ಲೈತೆ ನೋಡ್ರೀ ಸಾಹೇಬ್ರ” ಎಂದರು. ನೊರೆಯೇ ಇರಲಿಲ್ಲ. ಕಂಠದ ಮೇಲೆ ನೀರು ಎಣ್ಣೆಯಂತೆ ನುಣುಪಾಗಿ ಸಾಗುತ್ತಿತ್ತು. ಕೆಳಗಿನ ಅರ್ಧ ಫರ್ಲಾಂಗು ಆಪು ಬೆಳೆದು ಹೂಳು ತುಂಬಿತ್ತು.

ಎರಡು ದಿನ ಆಳುಗಳು ಆಪು ಕಿತ್ತು ಹೂಳೆತ್ತಿದರು. ಮೂರನೆಯ ಬೆಳಿಗ್ಗೆ ಇಳಿಜಾರಿನ ಬುಡದಲ್ಲಿ ಬಿಳಿ ಅಲೆ ಎದ್ದು ನಿಂತಿತ್ತು. ಮೇಲಿನ ಗೇಟನ್ನು ಯಾರೂ ಮುಟ್ಟಿರಲಿಲ್ಲ. ಗೇಜ್ ಮಾತ್ರ ಒಂದಡಿಗೆ ಇಳಿದಿತ್ತು. ಅಷ್ಟು ದಿನವೂ ಹೋಗುತ್ತಿದ್ದುದು 12 ಕ್ಯೂಸೆಕ್ಕೇ.