ಕರು ಹಾಕಿದ ಮೊದಲ ಮೂರು ದಿನ: ಹಾಲು ಜ್ವರವನ್ನು ಗುರುತಿಸುವುದು ಮತ್ತು ತಡೆಯುವುದು

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹೈನುಗಾರ ಕುಟುಂಬಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು ಹಾಗೂ ಸ್ವಸಹಾಯ ಸಂಘಗಳ ಸದಸ್ಯರ ಮಾಹಿತಿಗಾಗಿ

ಅಧಿಕ ಹಾಲು ಕೊಡುವ ಮಿಶ್ರತಳಿ ಹಸುಗಳು ಕರು ಹಾಕಿದ 72 ಗಂಟೆಗಳೊಳಗೆ ಇದ್ದಕ್ಕಿದ್ದಂತೆ ಕುಸಿದು ಮಲಗುವುದುಂಟು. ಮೂರನೆಯ ಮತ್ತು ಅನಂತರದ ಸೂಲಿನ ಹಸುಗಳಲ್ಲಿ ಇದು ಹೆಚ್ಚು. ಇದನ್ನು ಹಾಲು ಜ್ವರ ಎಂದು ಕರೆಯುವ ವಾಡಿಕೆ ಇದ್ದರೂ ಇದರಲ್ಲಿ ಜ್ವರ ಇರುವುದಿಲ್ಲ. ಬದಲಾಗಿ ಮೈ ತಣ್ಣಗಾಗುತ್ತದೆ. ಹೆಸರನ್ನು ನಂಬಿ ಮೈ ಬಿಸಿಯನ್ನು ಹುಡುಕುವವರು ರೋಗವನ್ನು ತಡವಾಗಿ ಗುರುತಿಸುತ್ತಾರೆ.

ಕಾರಣ: ಒಂದು ಸರಳ ಲೆಕ್ಕ

ಹಸುವಿನ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಕ್ಯಾಲ್ಸಿಯಂ ಕೇವಲ ಮೂರು ನಾಲ್ಕು ಗ್ರಾಂ. ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಎರಡು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಹತ್ತು ಲೀಟರ್ ಗಿಣ್ಣು ಕರೆದರೆ ರಕ್ತದಲ್ಲಿ ಇರುವುದಕ್ಕಿಂತ ಹಲವು ಪಟ್ಟು ಕ್ಯಾಲ್ಸಿಯಂ ಕೆಚ್ಚಲಿನ ಮೂಲಕ ಹೊರಹೋಗುತ್ತದೆ. ಈ ಕೊರತೆಯನ್ನು ಮೂಳೆಗಳ ಸಂಗ್ರಹದಿಂದಲೂ ಕರುಳು ಹೀರುವ ಆಹಾರದಿಂದಲೂ ತುಂಬಬೇಕು. ಮೂಳೆಯಲ್ಲಿ ಕಿಲೋಗಟ್ಟಲೆ ಕ್ಯಾಲ್ಸಿಯಂ ಇದೆ. ಆದರೆ ಅದನ್ನು ಬಿಡಿಸುವ ಹಾರ್ಮೋನಿನ ವ್ಯವಸ್ಥೆ ಪೂರ್ಣವಾಗಿ ಚುರುಕಾಗಲು ಎರಡು ಮೂರು ದಿನ ಬೇಕು. ತೊಟ್ಟಿ ತುಂಬಿದ್ದರೂ ತೂಬು ತೆರೆಯುವುದು ತಡವಾದರೆ ಕಾಲುವೆ ಒಣಗುವಂತೆ, ಮೂಳೆಯಲ್ಲಿ ಸಮೃದ್ಧಿ ಇದ್ದರೂ ರಕ್ತದಲ್ಲಿ ಬರ ಬೀಳುತ್ತದೆ. ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ಕಾಲು, ಹೊಟ್ಟೆ, ಗರ್ಭಕೋಶ ಮತ್ತು ಕೊನೆಗೆ ಹೃದಯವೂ ದುರ್ಬಲವಾಗುತ್ತವೆ.

ಒಂದು ಹಸುವಿನ ಎರಡು ಸೂಲು

ನಮ್ಮ ವ್ಯಾಪ್ತಿಯ ಒಂದು ಗ್ರಾಮದಲ್ಲಿ ದಿನಕ್ಕೆ 18 ಲೀಟರ್ ಹಾಲು ಕೊಡುತ್ತಿದ್ದ ಹೋಲ್‌ಸ್ಟೀನ್ ಮಿಶ್ರತಳಿಯ ಹಸು ನಾಲ್ಕನೆಯ ಸೂಲಿನಲ್ಲಿ ಬೆಳಗಿನ ನಾಲ್ಕು ಗಂಟೆಗೆ ಕರು ಹಾಕಿತು. ಕೆಚ್ಚಲು ಭಾರವಾಗಿ ಬಾವು ಬಂದೀತೆಂದು ಮನೆಯವರು ಬೆಳಿಗ್ಗೆ ಒಂಬತ್ತು ಲೀಟರ್, ಸಂಜೆ ಆರು ಲೀಟರ್ ಗಿಣ್ಣನ್ನು ಪೂರ್ತಿಯಾಗಿ ಕರೆದರು. ಸಂಜೆ ಏಳಕ್ಕೆ ಹಸು ಮೇವು ಬಿಟ್ಟು, ಹಿಂಗಾಲುಗಳನ್ನು ಬದಲಾಯಿಸುತ್ತಾ ತೂರಾಡಿತು. ಮೈಯಲ್ಲಿ ಸಣ್ಣ ನಡುಕವಿತ್ತು. ಇದು ಮೊದಲ ಹಂತ. ರಾತ್ರಿ ಒಂಬತ್ತಕ್ಕೆ ಎದೆಯ ಮೇಲೆ ಕುಳಿತು, ಕುತ್ತಿಗೆಯನ್ನು ಬಾಗಿಸಿ ತಲೆಯನ್ನು ಪಕ್ಕೆಗೆ ಆನಿಸಿಕೊಂಡಿತು. ಇದು ಎರಡನೆಯ ಹಂತ. ಹೆರಿಗೆಯ ಆಯಾಸವೆಂದು ಮನೆಯವರು ಸುಮ್ಮನಿದ್ದರು.

ನಡುರಾತ್ರಿ ಮನೆಯ ಹಿರಿಯ ಹೆಂಗಸು ಮುಟ್ಟಿ ನೋಡಿದಾಗ ಕಿವಿಗಳು ತಣ್ಣಗಿದ್ದವು, ಮೂಗು ಒಣಗಿತ್ತು, ಸಗಣಿ ಮೂತ್ರ ನಿಂತಿದ್ದವು. ಬೆಲ್ಲದ ನೀರನ್ನು ಗೊಟ್ಟದಲ್ಲಿ ಕುಡಿಸಲು ಹೋದಾಗ ಹಸು ಕೆಮ್ಮಿತು. ಅದೃಷ್ಟವಶಾತ್ ಅವರು ಅಲ್ಲಿಗೇ ನಿಲ್ಲಿಸಿದರು. ಈ ಹಂತದಲ್ಲಿ ಗಂಟಲಿನ ಸ್ನಾಯುಗಳೂ ಸಡಿಲವಾಗಿರುವುದರಿಂದ ದ್ರವವು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಪಶುವೈದ್ಯರು ಬಂದದ್ದು ಬೆಳಗಿನ ಆರು ಗಂಟೆಗೆ. ಆರೋಗ್ಯವಂತ ಹಸುವಿನಲ್ಲಿ 101ರಿಂದ 102 ಡಿಗ್ರಿ ಇರಬೇಕಾದ ಮೈ ಶಾಖ 98 ಡಿಗ್ರಿಗೆ ಇಳಿದಿತ್ತು. ಅವರು 450 ಮಿಲಿಲೀಟರ್ ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈ ಬಿಸಿಗೆ ತಂದು, ಹೃದಯ ಬಡಿತವನ್ನು ಆಲಿಸುತ್ತಾ ಇಪ್ಪತ್ತು ನಿಮಿಷಗಳಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಇಳಿಸಿದರು. ಔಷಧ ಇಳಿಯುತ್ತಿದ್ದಂತೆ ಹಸುವಿಗೆ ತೇಗು ಬಂದಿತು, ಬಳಿಕ ಅದು ಸಗಣಿ ಹಾಕಿತು, ಮೂಗಿನ ಮೇಲೆ ಹನಿ ಮೂಡಿತು. ಇವು ಗುಣವಾಗುತ್ತಿರುವ ಲಕ್ಷಣಗಳು.

ಆದರೆ ಹಸು ಎದ್ದು ನಿಲ್ಲಲಿಲ್ಲ. ಒಂಬತ್ತು ಗಂಟೆ ಕಲ್ಲು ಚಪ್ಪಡಿಯ ಮೇಲೆ ಒಂದೇ ಮಗ್ಗುಲಲ್ಲಿ ಇದ್ದುದರಿಂದ ತನ್ನದೇ ಭಾರಕ್ಕೆ ಹಿಂಗಾಲಿನ ಸ್ನಾಯು ಮತ್ತು ನರಗಳು ಜಜ್ಜಿಹೋಗಿದ್ದವು. ಮರಳು ಹಾಸಿ, ಮೂರು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದ ಮೇಲೆ ಎರಡನೆಯ ದಿನ ಸಂಜೆ ಅದು ಎದ್ದಿತು. ಕ್ಯಾಲ್ಸಿಯಂ ಕೊರತೆ ಇಪ್ಪತ್ತು ನಿಮಿಷದಲ್ಲಿ ಸರಿಹೋಯಿತು. ತಡಮಾಡಿದ ಹಾನಿಯನ್ನು ಸರಿಪಡಿಸಲು ಎರಡು ದಿನ ಬೇಕಾಯಿತು. ಇನ್ನೂ ತಡವಾಗಿದ್ದರೆ ಹಸು ಅಡ್ಡಬಿದ್ದು ಪ್ರಜ್ಞೆ ಕಳೆದುಕೊಳ್ಳುವ ಮೂರನೆಯ ಹಂತ ತಲುಪಿ, ಸಾಲದಲ್ಲಿ ಕೊಂಡ ಆ ಹಸುವನ್ನೇ ಕುಟುಂಬ ಕಳೆದುಕೊಳ್ಳುತ್ತಿತ್ತು.

ಒಮ್ಮೆ ಹಾಲು ಜ್ವರ ಬಂದ ಹಸುವಿಗೆ ಮುಂದಿನ ಸೂಲಿನಲ್ಲಿಯೂ ಬರುವ ಸಂಭವ ಹೆಚ್ಚು. ಆದುದರಿಂದ ಐದನೆಯ ಸೂಲಿಗೆ ಮುಂಚೆಯೇ ವೈದ್ಯರ ಸಲಹೆಯಂತೆ ಸಿದ್ಧತೆ ಮಾಡಲಾಯಿತು.

ಕರು ಹಾಕುವ ಮೊದಲಿನ ಮೂರು ವಾರ

ಗಬ್ಬದ ಹಸುವಿಗೆ ಕ್ಯಾಲ್ಸಿಯಂ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ಭಾವನೆ ಇದೆ. ಈ ಮೂರು ವಾರಗಳ ಮಟ್ಟಿಗೆ ಅದು ತಪ್ಪು. ಆಹಾರದಿಂದಲೇ ಧಾರಾಳವಾಗಿ ದೊರೆಯುವಾಗ ಮೂಳೆಯ ತೂಬು ಮುಚ್ಚಿಯೇ ಇರುತ್ತದೆ. ಆ ಮನೆಯವರು ಕುದುರೆಮೆಂತೆ ಸೊಪ್ಪು, ಕ್ಯಾಲ್ಸಿಯಂಯುಕ್ತ ಖನಿಜ ಮಿಶ್ರಣ ಮತ್ತು ಕ್ಯಾಲ್ಸಿಯಂ ದ್ರಾವಣಗಳನ್ನು ನಿಲ್ಲಿಸಿ, ಮುಸುಕಿನ ಜೋಳದ ಮೇವು ಮತ್ತು ಮಿತವಾದ ಪಶು ಆಹಾರ ಕೊಟ್ಟರು. ಗೊಬ್ಬರದ ಗುಂಡಿಯ ನೀರು ಹರಿಯುವ ತಾಕಿನ ಹಸಿರು ಹುಲ್ಲನ್ನೂ ಕಡಿಮೆ ಮಾಡಿದರು. ಅಂತಹ ಹುಲ್ಲಿನಲ್ಲಿ ಪೊಟ್ಯಾಷಿಯಂ ಹೆಚ್ಚಿದ್ದು, ಅದು ರಕ್ತವನ್ನು ಕ್ಷಾರದ ಕಡೆಗೆ ತಿರುಗಿಸಿ ಮೂಳೆಯನ್ನು ಎಚ್ಚರಿಸುವ ಹಾರ್ಮೋನಿನ ಪರಿಣಾಮವನ್ನು ಕುಗ್ಗಿಸುತ್ತದೆ. ಇದನ್ನು ಸರಿದೂಗಿಸುವ ಲವಣಗಳು ಇವೆಯಾದರೂ ಅವುಗಳ ರುಚಿಗೆ ಹಸು ಮೇವು ಬಿಡಬಹುದಾದ್ದರಿಂದ ವೈದ್ಯರ ಸೂಚನೆಯಿಲ್ಲದೆ ಬಳಸಬಾರದು.

ಕರು ಹಾಕಿದ ದಿನದಿಂದ

ಹಸು ಎದ್ದು ನಿಂತು, ಚೆನ್ನಾಗಿ ನುಂಗುತ್ತಿದ್ದಾಗ ಬಾಯಿಯ ಮೂಲಕ ಕೊಡುವ ಕ್ಯಾಲ್ಸಿಯಂ ಜೆಲ್ ಅನ್ನು ಕರು ಹಾಕಿದ ಕೂಡಲೆ ಒಮ್ಮೆ, ಹನ್ನೆರಡು ಗಂಟೆಗಳ ಬಳಿಕ ಮತ್ತೊಮ್ಮೆ ಕೊಡಲಾಯಿತು. ನಿಲ್ಲಿಸಿದ್ದ ಖನಿಜ ಮಿಶ್ರಣವನ್ನು ಅದೇ ದಿನ ಮತ್ತೆ ಆರಂಭಿಸಲಾಯಿತು. ಮೊದಲ ಎರಡು ದಿನ ಕೆಚ್ಚಲನ್ನು ಬರಿದು ಮಾಡದೆ, ಕರುವಿಗೆ ಬೇಕಾದಷ್ಟು ಗಿಣ್ಣನ್ನು ಮತ್ತು ಒತ್ತಡ ತಗ್ಗುವಷ್ಟು ಹಾಲನ್ನು ಮಾತ್ರ ಕರೆದರು. ಕರುವಿನ ಪಾಲನ್ನು ಕಡಿತಗೊಳಿಸಬಾರದು. ಹುಟ್ಟಿದ ಒಂದೆರಡು ಗಂಟೆಗಳೊಳಗೆ ಅದಕ್ಕೆ ಎರಡರಿಂದ ಮೂರು ಲೀಟರ್ ಗಿಣ್ಣು ಸಿಗಲೇಬೇಕು. ಈ ಬಾರಿ ಹಸು ಮಲಗಲಿಲ್ಲ.

ಮಲಗಿದರೆ ಮಾಡಬೇಕಾದುದು

ಸಮೀಪದ ಪಶುವೈದ್ಯರಿಗೆ ಅಥವಾ 1962 ಸಂಖ್ಯೆಗೆ ಕೂಡಲೆ ಕರೆ ಮಾಡಿರಿ. ಅವರು ಬರುವವರೆಗೆ ಹಸುವನ್ನು ಎದೆಯ ಮೇಲೆ ಕೂರಿಸಿ, ಎರಡೂ ಬದಿ ಹುಲ್ಲಿನ ಮೂಟೆ ಆನಿಸಿರಿ. ಅಡ್ಡಬಿದ್ದರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ಕೆಳಗೆ ಮರಳು ಅಥವಾ ದಪ್ಪ ಹುಲ್ಲು ಹಾಸಿ, ಮೈ ಮೇಲೆ ಗೋಣಿ ಹೊದಿಸಿರಿ. ಬಾಯಿಗೆ ಏನನ್ನೂ ಹಾಕಬಾರದು. ರಕ್ತನಾಳಕ್ಕೆ ಕ್ಯಾಲ್ಸಿಯಂ ವೇಗವಾಗಿ ಹೋದರೆ ಹೃದಯ ನಿಲ್ಲುವ ಅಪಾಯವಿರುವುದರಿಂದ ತರಬೇತಿಯಿಲ್ಲದವರಿಂದ ಬಾಟಲಿ ಹಾಕಿಸಬಾರದು. ಎದ್ದು ನಿಂತ ಹಸುವೂ ಒಂದೆರಡು ದಿನಗಳಲ್ಲಿ ಮತ್ತೆ ಕುಸಿಯಬಹುದಾದ್ದರಿಂದ ನಿಗಾ ಇರಿಸಬೇಕು.

ಮಲಗಿದ ಹಸುಗಳಿಗೆಲ್ಲ ಹಾಲು ಜ್ವರವೇ ಆಗಿರಬೇಕೆಂದಿಲ್ಲ. ಕೆಚ್ಚಲು ಗಟ್ಟಿಯಾಗಿ ಹಾಲು ನೀರಾಗಿದ್ದರೆ ಅದು ಕೆಚ್ಚಲು ಬಾವು ಇರಬಹುದು. ಕಣ್ಣು ಚುರುಕಾಗಿದ್ದು, ಮೇವು ತಿನ್ನುತ್ತಿದ್ದರೂ ಏಳಲಾರದಿದ್ದರೆ ಕಾಲಿನ ನರಕ್ಕೆ ಅಥವಾ ಮೂಳೆಗೆ ಪೆಟ್ಟಾಗಿರಬಹುದು. ಇವೆಲ್ಲವನ್ನೂ ವೈದ್ಯರಿಗೆ ಫೋನಿನಲ್ಲಿಯೇ ತಿಳಿಸಿರಿ. ಕರು ಹಾಕಿದ ಸಮಯ, ಎಷ್ಟನೆಯ ಸೂಲು, ಎಷ್ಟು ಹಾಲು ಕರೆಯಲಾಯಿತು ಮತ್ತು ಯಾವಾಗ ಮಲಗಿತು ಎಂಬ ನಾಲ್ಕು ವಿವರಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡುವುದು ಸೂಕ್ತ.